ಫೋನಿನಿಂದ ಟಿವಿಗೆ: ಮಿರರಿಂಗ್, ಕಾಸ್ಟ್, ಡಿಎಲ್‌ಎನ್‌ಎ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಟಿವಿ ತಂದವರು, ಫೋನ್ ಬದಲಾಯಿಸಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಸುಲಭದವು ಮೊದಲು, ಸ್ವಲ್ಪ ಆಳದವು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿದರೂ ಅರ್ಥವಾಗುತ್ತದೆ.

## ಮೊದಲು ತಿಳಿಯಬೇಕಾದದ್ದು

ಮಿರರಿಂಗ್, ಕಾಸ್ಟಿಂಗ್, ಮೀಡಿಯಾ ಶೇರಿಂಗ್ ಎಲ್ಲ ಒಂದೇ ಅಲ್ವಾ? ಟಿವಿಯಲ್ಲಿ ಕಂಡರೆ ಸಾಕಲ್ವಾ?

ಕಾಣುವುದು ಒಂದೇ ಥರ. ಒಳಗೆ ನಡೆಯುವ ಕೆಲಸ ಬೇರೆ ಬೇರೆ. ವ್ಯತ್ಯಾಸ ತಿಳಿಯಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ವಿಡಿಯೋ ಓಡಿಸುವ ಕೆಲಸ ಯಾರು ಮಾಡುತ್ತಿದ್ದಾರೆ, ಫೋನಾ, ಟಿವಿಯಾ?

ಮಿರರಿಂಗ್‌ನಲ್ಲಿ ಎಲ್ಲ ಕೆಲಸ ಫೋನಿನದ್ದು. ಪರದೆಯಲ್ಲಿ ಏನು ಕಾಣುತ್ತದೋ ಅದನ್ನು ಫೋನು ಆ ಕ್ಷಣದಲ್ಲೇ ಹೊಸ ವಿಡಿಯೋ ಮಾಡಿ ಟಿವಿಗೆ ಕಳಿಸುತ್ತಾ ಇರುತ್ತದೆ. ಟಿವಿ ಸುಮ್ನೆ ತೋರಿಸುತ್ತದೆ, ಅಷ್ಟೇ. ಮಿರಾಕಾಸ್ಟ್ ಈ ಜಾತಿಯದ್ದು. ಐಫೋನಿನ ಏರ್‌ಪ್ಲೇ ಮತ್ತು ಗೂಗಲ್ ಕಾಸ್ಟ್‌ನಲ್ಲೂ ಇಡೀ ಪರದೆ ಕಳಿಸುವ ಆಯ್ಕೆ ಇದೆ.

ಮೀಡಿಯಾ ಶೇರಿಂಗ್‌ನಲ್ಲಿ ಫೈಲನ್ನು ಟಿವಿಯೇ ತರಿಸಿಕೊಂಡು ಓಡಿಸುತ್ತದೆ. ಡಿಎಲ್‌ಎನ್‌ಎ ಈ ಜಾತಿಯದ್ದು. ಫೈಲು ಫೋನಿನಲ್ಲೋ ಲ್ಯಾಪ್‌ಟಾಪ್‌ನಲ್ಲೋ ಇರುತ್ತದೆ. ಟಿವಿ ಮನೆಯ ನೆಟ್‌ವರ್ಕ್ ಮೂಲಕ ಅದನ್ನು ಓದುತ್ತದೆ.

ಯೂಟ್ಯೂಬ್‌ನ ಕಾಸ್ಟ್ ಗುರುತು ಮೂರನೆಯ ದಾರಿ. ಫೋನು ಟಿವಿಗೆ ‘ಈ ವಿಡಿಯೋ ಹಾಕು’ ಎಂದಷ್ಟೇ ಹೇಳುತ್ತದೆ. ಟಿವಿ ಅದನ್ನು ನೇರವಾಗಿ ಇಂಟರ್‌ನೆಟ್‌ನಿಂದ ಎಳೆದುಕೊಳ್ಳುತ್ತದೆ. ಫೋನು ಆಗ ಬರೀ ರಿಮೋಟ್.

ಬ್ಯಾಟರಿ, ಚಿತ್ರದ ಗುಣಮಟ್ಟ, ಕಪ್ಪು ಪರದೆ, ಸದ್ದು ಬಾರದಿರುವುದು, ಹೆಚ್ಚಿನ ತೊಂದರೆಗಳೆಲ್ಲ ಹುಟ್ಟುವುದು ಈ ವ್ಯತ್ಯಾಸದಿಂದಲೇ.

ಮನೇಲಿ ವೈಫೈ ಇಲ್ಲ. ಆದ್ರೂ ಫೋನ್ ಟಿವಿಗೆ ಹಾಕಬಹುದಾ?

ಮಿರಾಕಾಸ್ಟ್ ಇದ್ದರೆ ಆಗುತ್ತದೆ. ಇದು ವೈಫೈ ಅಲಯನ್ಸ್ 2012ರಲ್ಲಿ ತಂದ ಪದ್ಧತಿ. ವೈಫೈ ಡೈರೆಕ್ಟ್ ಎಂಬ ವ್ಯವಸ್ಥೆಯ ಮೇಲೆ ನಿಂತಿದೆ. ಫೋನು ಮತ್ತು ಟಿವಿ ರೂಟರಿನ ಹಂಗಿಲ್ಲದೆ ತಮ್ಮತಮ್ಮಲ್ಲೇ ನೇರ ಸಂಪರ್ಕ ಮಾಡಿಕೊಳ್ಳುತ್ತವೆ. ಫೋನಿನ ವೈಫೈ ಆನ್ ಆಗಿರಬೇಕು, ಆದರೆ ಯಾವ ನೆಟ್‌ವರ್ಕ್‌ಗೂ ಸೇರಿರಬೇಕಾಗಿಲ್ಲ. ಊರಿನ ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇಲ್ಲದ ಕಡೆ ಮದುವೆ ಫೋಟೋ ತೋರಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಡಿಎಲ್‌ಎನ್‌ಎಗೂ ಗೂಗಲ್ ಕಾಸ್ಟ್‌ಗೂ ಸಾಮಾನ್ಯವಾಗಿ ಒಂದು ನೆಟ್‌ವರ್ಕ್ ಬೇಕೇ ಬೇಕು. ಮಿರಾಕಾಸ್ಟ್ ಮಾಡುವಾಗ ಹಾಟ್‌ಸ್ಪಾಟ್ ಆಫ್ ಇಡಿ. ಹಲವು ಫೋನ್‌ಗಳಲ್ಲಿ ಎರಡೂ ಒಟ್ಟಿಗೆ ನಡೆಯುವುದಿಲ್ಲ.

ಟಿವಿಗೆ ಹಾಕಿದ್ರೆ ಡೇಟಾ ಖರ್ಚಾಗುತ್ತಾ?

ಫೋನಿನಲ್ಲೇ ಇರುವ ಫೋಟೋ, ವಿಡಿಯೋ ಆದರೆ ಇಲ್ಲ. ಮಿರಾಕಾಸ್ಟ್‌ನಲ್ಲಿ ಅದು ಫೋನಿನಿಂದ ಟಿವಿಗೆ ನೇರ ಹೋಗುತ್ತದೆ. ಡಿಎಲ್‌ಎನ್‌ಎಯಲ್ಲಿ ರೂಟರ್ ದಾಟಿ ಹೋಗುತ್ತದೆ, ಆದರೆ ಮನೆಯಿಂದ ಹೊರಗೆ ಹೋಗುವುದಿಲ್ಲ. ಇಂಟರ್‌ನೆಟ್ ಪ್ಯಾಕ್ ಮುಗಿದಿದ್ದರೂ ಡಿಎಲ್‌ಎನ್‌ಎ ನಡೆಯುತ್ತದೆ.

ಆನ್‌ಲೈನ್ ವಿಡಿಯೋ ಆದರೆ ಲೆಕ್ಕ ಬೇರೆ. ಕಾಸ್ಟ್ ಗುರುತು ಒತ್ತಿದರೆ ಟಿವಿ ಸೇರಿಕೊಂಡಿರುವ ಇಂಟರ್‌ನೆಟ್ ಖರ್ಚಾಗುತ್ತದೆ. ಮಿರರ್ ಮಾಡಿದರೆ ಫೋನಿನ ಇಂಟರ್‌ನೆಟ್ ಖರ್ಚಾಗುತ್ತದೆ.

ಟಿವಿಲಿ ವಿಡಿಯೋ ಓಡ್ತಿರುವಾಗ ವಾಟ್ಸಾಪ್ ನೋಡಬಹುದಾ? ಎಲ್ಲರಿಗೂ ಕಾಣುತ್ತಾ?

ಮಿರರಿಂಗ್ ಆದರೆ ಕಾಣುತ್ತದೆ. ಬಂದ ಮೆಸೇಜು, ಬ್ಯಾಂಕಿನ ಎಸ್ಎಂಎಸ್ ಕೂಡ ಟಿವಿ ಮೇಲೆ ಬರಬಹುದು. ಮಿರರ್ ಮಾಡುವ ಮುಂಚೆ Do Not Disturb ಹಾಕುವ ಅಭ್ಯಾಸ ಒಳ್ಳೆಯದು. ಕಾಸ್ಟ್ ಅಥವಾ ಡಿಎಲ್‌ಎನ್‌ಎ ಆದರೆ ಫೋನಿನ ಪರದೆ ನಿಮ್ಮದೇ. ಲಾಕ್ ಮಾಡಿದರೂ ಸಾಮಾನ್ಯವಾಗಿ ವಿಡಿಯೋ ನಿಲ್ಲುವುದಿಲ್ಲ.

## ಯಾವ ಫೋನ್‌ಗೆ ಯಾವುದು?

ನನ್ನ ಫೋನಿನಲ್ಲಿ ಮಿರಾಕಾಸ್ಟ್ ಇದೆಯಾ ಅಂತ ಹೇಗೆ ಗೊತ್ತಾಗುತ್ತೆ?

ಹೆಸರು ಹುಡುಕಿದರೆ ಸಿಗುವುದಿಲ್ಲ. ಪ್ರತಿ ಕಂಪನಿಯೂ ತನ್ನದೇ ಹೆಸರಿಟ್ಟಿದೆ. ಸ್ಯಾಮ್‌ಸಂಗ್ ಗ್ಯಾಲಕ್ಸಿಯಲ್ಲಿ ಅದು Smart View. ರೆಡ್ಮಿ, ಶವೋಮಿ, ಪೋಕೋ ಫೋನ್‌ಗಳಲ್ಲಿ Cast. ಒಪ್ಪೋ, ರಿಯಲ್‌ಮಿ, ಒನ್‌ಪ್ಲಸ್‌ನಲ್ಲಿ Screencast. ವಿವೋದಲ್ಲಿ Smart mirroring. ಈ ಕಂಪನಿಗಳ ಹೆಚ್ಚಿನ ಫೋನ್‌ಗಳಲ್ಲಿ ಮಿರಾಕಾಸ್ಟ್ ಇರುತ್ತದೆ.

ಆಂಡ್ರಾಯ್ಡ್ 2012ರಲ್ಲಿ, 4.2ನೇ ಆವೃತ್ತಿಯಲ್ಲಿ ಮಿರಾಕಾಸ್ಟ್ ಸೇರಿಸಿತು. 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ ಗೂಗಲ್ ತನ್ನ ಸ್ವಂತ ಫೋನ್‌ಗಳಲ್ಲಿ ಅದನ್ನು ಕೈಬಿಟ್ಟಿತು. ಉಳಿದ ಕಂಪನಿಗಳು ಬೇಕಾದರೆ ಇಟ್ಟುಕೊಳ್ಳಬಹುದಿತ್ತು, ಹಲವರು ಇಟ್ಟುಕೊಂಡರು. ಹಾಗಾಗಿಯೇ ಆಂಡ್ರಾಯ್ಡ್ ಆವೃತ್ತಿ ನೋಡಿ ಮಿರಾಕಾಸ್ಟ್ ಇದೆಯಾ ಇಲ್ಲವಾ ಅಂತ ಹೇಳಲು ಆಗುವುದಿಲ್ಲ.

ಪರೀಕ್ಷೆ ಹೀಗೆ ಮಾಡಿ. ಸೆಟ್ಟಿಂಗ್ಸ್‌ನಲ್ಲಿ Cast ಎಂದು ಹುಡುಕಿ ತೆರೆಯಿರಿ. ಮೇಲಿನ ಮೂರು ಚುಕ್ಕಿ ಒತ್ತಿ. ಅಲ್ಲಿ Enable wireless display ಎಂಬ ಆಯ್ಕೆ ಇದ್ದರೆ ಮಿರಾಕಾಸ್ಟ್ ಇದೆ. ಕಂಪನಿ ಮೆನು ಬದಲಾಯಿಸಿದ್ದರೆ ಈ ಪರೀಕ್ಷೆ ಸಾಲುವುದಿಲ್ಲ. ಆಗ ಫೋನನ್ನು ರೂಟರಿನಿಂದ ಬಿಡಿಸಿ, ವೈಫೈ ಮಾತ್ರ ಆನ್ ಇಟ್ಟು, ಮಿರಾಕಾಸ್ಟ್ ಇರುವ ಟಿವಿಯ ಮುಂದೆ ಹುಡುಕಿಸಿ. ನೆಟ್‌ವರ್ಕ್ ಇಲ್ಲದೆಯೂ ಟಿವಿ ಹೆಸರು ಕಂಡರೆ ಅದು ಮಿರಾಕಾಸ್ಟೇ.

ಪಿಕ್ಸೆಲ್ ತಗೊಂಡೆ, ಮನೇಲಿ ಸ್ಯಾಮ್‌ಸಂಗ್ ಟಿವಿ. ಯೂಟ್ಯೂಬ್ ಹೋಗುತ್ತೆ, ಆದ್ರೆ ಸ್ಕ್ರೀನ್ ಹಾಕೋಕೆ ಹೋದ್ರೆ ಟಿವಿ ಕಾಣೋದೇ ಇಲ್ಲ. ಯಾಕೆ?

ತುಂಬಾ ಜನ ಸಿಕ್ಕಿಹಾಕಿಕೊಳ್ಳುವ ಜಾಗ ಇದು. ಫೋನಾಗಲಿ ಟಿವಿಯಾಗಲಿ ಕೆಟ್ಟಿಲ್ಲ. ಪಿಕ್ಸೆಲ್ ಗೂಗಲ್‌ನದೇ ಫೋನು, ಅದು ಪರದೆ ಕಳಿಸುವುದು ಗೂಗಲ್ ಕಾಸ್ಟ್ ಮೂಲಕ ಮಾತ್ರ. ಸ್ಯಾಮ್‌ಸಂಗ್ ಟಿವಿಗಳು ಮಿರಾಕಾಸ್ಟ್ ತೆಗೆದುಕೊಳ್ಳುತ್ತವೆ, ಹೊಸ ಮಾದರಿಗಳು ಏರ್‌ಪ್ಲೇ ಕೂಡ ತೆಗೆದುಕೊಳ್ಳುತ್ತವೆ. ಗೂಗಲ್ ಕಾಸ್ಟ್ ಅವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಇಬ್ಬರಿಗೂ ಬರುವ ಭಾಷೆ ಒಂದೂ ಇಲ್ಲ.

ಹಾಗಾದರೆ ಯೂಟ್ಯೂಬ್ ಹೇಗೆ ಹೋಯಿತು? ಟಿವಿಯೊಳಗೆ ಯೂಟ್ಯೂಬ್ ಆ್ಯಪ್ ಇದೆ. ಫೋನಿನ ಯೂಟ್ಯೂಬ್ ಆ ಆ್ಯಪಿನ ಜೊತೆ ಮಾತಾಡುತ್ತದೆ. ಗುರುತು ಅದೇ ಕಾಸ್ಟ್ ಗುರುತು, ಆದರೆ ಅಲ್ಲಿ ಪರದೆ ಕಳಿಸುವ ಕೆಲಸವೇ ಇಲ್ಲ.

ನಿಮಗೆ ಮೂರು ದಾರಿಗಳಿವೆ. ಫೋಟೋ, ವಿಡಿಯೋ ಮಾತ್ರ ತೋರಿಸಬೇಕಿದ್ದರೆ ಡಿಎಲ್‌ಎನ್‌ಎ ಆ್ಯಪ್ ಸಾಕು, ದುಡ್ಡು ಖರ್ಚಿಲ್ಲ. ಬಬಲ್‌ಯುಪಿಎನ್‌ಪಿ ಅಂಥದ್ದೊಂದು ಆ್ಯಪ್. ಪರದೆಯೇ ಬೇಕಿದ್ದರೆ ಟಿವಿಯ ಎಚ್‌ಡಿಎಂಐ ಪೋರ್ಟಿಗೆ ಗೂಗಲ್ ಟಿವಿ ಇರುವ ಸ್ಟಿಕ್ ಅಥವಾ ಬಾಕ್ಸ್ ಹಾಕಿ. ಪಿಕ್ಸೆಲ್ 8 ಅಥವಾ ಅದಕ್ಕಿಂತ ಹೊಸದಾದರೆ ಟೈಪ್-ಸಿಯಿಂದ ಎಚ್‌ಡಿಎಂಐ ಕೇಬಲ್ ಹಾಕಿದರೂ ನಡೆಯುತ್ತದೆ. 2024ರ ಅಪ್‌ಡೇಟ್‌ನಲ್ಲಿ ಇದಕ್ಕೆ ಅವಕಾಶ ಕೊಟ್ಟರು. ಹಳೆಯ ಪಿಕ್ಸೆಲ್‌ನಲ್ಲಿ ಕೇಬಲ್ ತಂದರೆ ದುಡ್ಡು ದಂಡ.

ಉಲ್ಟಾ ಕಥೆಯೂ ಇದೆ. ಹಲವು ಆಂಡ್ರಾಯ್ಡ್ ಟಿವಿಗಳಲ್ಲಿ ಗೂಗಲ್ ಕಾಸ್ಟ್ ಇದ್ದು ಮಿರಾಕಾಸ್ಟ್ ಇರುವುದಿಲ್ಲ. ಅಂಥ ಕಡೆ ಗೂಗಲ್ ಹೋಮ್ ಆ್ಯಪಿನಿಂದ ಪರದೆ ಕಳಿಸಿ. ಎಲ್‌ಜಿ ಟಿವಿಗಳಲ್ಲಿ ಮಿರಾಕಾಸ್ಟ್ ಮೊದಲಿನಿಂದ ಇದೆ, ಗೂಗಲ್ ಕಾಸ್ಟ್ ಬಂದಿದ್ದು 2024ರ ಮಾದರಿಗಳಲ್ಲಿ.

ಐಫೋನ್‌ನಲ್ಲಿ ಮಿರಾಕಾಸ್ಟ್ ಹಾಕಿಕೊಳ್ಳೋಕೆ ಯಾವುದಾದ್ರೂ ಆ್ಯಪ್ ಇದೆಯಾ?

ಇಲ್ಲ. ಐಫೋನ್‌ನಲ್ಲಿ ಮಿರಾಕಾಸ್ಟ್ ಯಾವತ್ತೂ ಇರಲಿಲ್ಲ, ಆ್ಯಪ್ ಹಾಕಿ ಸೇರಿಸಲೂ ಆಗುವುದಿಲ್ಲ. ‘ಮಿರಾಕಾಸ್ಟ್ ಫಾರ್ ಐಫೋನ್’ ಎಂದು ಹೇಳಿಕೊಳ್ಳುವ ಆ್ಯಪಿಗೆ ಚಂದಾ ಕಟ್ಟಬೇಡಿ. ಅವು ಬೇರೆ ದಾರಿಯಲ್ಲಿ ಕಳಿಸುತ್ತವೆ.

ಐಫೋನಿನದ್ದು ಏರ್‌ಪ್ಲೇ. ಇಡೀ ಪರದೆ ಕಳಿಸುವ ಸೌಲಭ್ಯ 2011ರಲ್ಲಿ ಬಂತು. ಆಗ ಆಪಲ್ ಟಿವಿ ಪೆಟ್ಟಿಗೆ ಬೇಕಿತ್ತು. 2019ರಿಂದ ಸ್ಯಾಮ್‌ಸಂಗ್, ಎಲ್‌ಜಿ, ಸೋನಿ ಟಿವಿಗಳಲ್ಲೇ ಏರ್‌ಪ್ಲೇ 2 ಬರಲು ಶುರುವಾಯಿತು. ಆದರೆ ಎಲ್ಲ ಮಾದರಿಯಲ್ಲೂ ಅಲ್ಲ, ಟಿವಿಯ ಸೆಟ್ಟಿಂಗ್ಸ್‌ನಲ್ಲಿ AirPlay ಎಂಬ ಹೆಸರು ಇದೆಯಾ ನೋಡಿ. ಅದಿಲ್ಲದ ಆಂಡ್ರಾಯ್ಡ್ ಟಿವಿಗೆ ಏರ್‌ಸ್ಕ್ರೀನ್‌ನಂಥ ಆ್ಯಪ್ ಹಾಕಿದರೆ ಟಿವಿಯೇ ಏರ್‌ಪ್ಲೇ ತೆಗೆದುಕೊಳ್ಳುತ್ತದೆ. ಆ್ಯಪ್ ಟಿವಿಗೆ ಹಾಕಬೇಕು, ಫೋನಿಗಲ್ಲ.

ಕೇಬಲ್ ಬೇಕೆಂದರೆ ಐಫೋನ್ 15 ಮತ್ತು ನಂತರದವು ಟೈಪ್-ಸಿಯಿಂದಲೇ ಎಚ್‌ಡಿಎಂಐಗೆ ಚಿತ್ರ ಕೊಡುತ್ತವೆ. ಹಳೆಯವಕ್ಕೆ ಲೈಟ್ನಿಂಗ್ ಅಡಾಪ್ಟರ್ ಬೇಕು.

ಡಿಎಲ್‌ಎನ್‌ಎ ಈಗಲೂ ಇದೆಯಾ? ನನ್ನ ಫೋನಿನಲ್ಲಿ ಎಲ್ಲೂ ಕಾಣ್ತಿಲ್ಲ.

2003ರಲ್ಲಿ ಸೋನಿ, ಇಂಟೆಲ್ ಮುಂತಾದ ಕಂಪನಿಗಳು ಸೇರಿ ಕಟ್ಟಿದ ಸಂಸ್ಥೆ ಅದು. 2017ರಲ್ಲಿ ಅದನ್ನು ಮುಚ್ಚಿದರು. ಸಂಸ್ಥೆ ಹೋಯಿತು, ತಂತ್ರ ಉಳಿಯಿತು. ಇವತ್ತಿಗೂ ತುಂಬಾ ಟಿವಿಗಳು ಡಿಎಲ್‌ಎನ್‌ಎ ಓದುತ್ತವೆ. ಟಿವಿಯ ಮೀಡಿಯಾ ಪ್ಲೇಯರ್ ತೆರೆದಾಗ ಯುಎಸ್‌ಬಿ ಪಕ್ಕದಲ್ಲೇ ನೆಟ್‌ವರ್ಕಿನ ಕಂಪ್ಯೂಟರ್ ಹೆಸರು ಕಂಡರೆ ಅದು ಇದೇ.

ಹಳೆಯ ಗ್ಯಾಲಕ್ಸಿ, ಎಕ್ಸ್‌ಪೀರಿಯಾ ಫೋನ್‌ಗಳಲ್ಲಿ ಇದು ಒಳಗೇ ಇರುತ್ತಿತ್ತು. ಈಗಿನ ಹೆಚ್ಚಿನ ಫೋನ್‌ಗಳಲ್ಲಿ ಆ್ಯಪ್ ಬೇಕು. ಆದರೆ ಇಲ್ಲಿ ಒಂದು ಒಳ್ಳೆಯ ವಿಷಯ ಇದೆ. ಮಿರಾಕಾಸ್ಟ್ ಫೋನಿನ ವೈಫೈ ಚಿಪ್ಪು ಮತ್ತು ಕಂಪನಿಯ ತೀರ್ಮಾನಕ್ಕೆ ಬಿಟ್ಟದ್ದು. ಡಿಎಲ್‌ಎನ್‌ಎ ಬರೀ ಸಾಫ್ಟ್‌ವೇರ್. ಹಾಗಾಗಿ ಪಿಕ್ಸೆಲ್ ಆಗಲಿ, ಅಗ್ಗದ ಫೋನಾಗಲಿ, ಯಾವ ಆಂಡ್ರಾಯ್ಡ್‌ಗೂ ಹಾಕಿಕೊಳ್ಳಬಹುದು. ಐಫೋನಿನಲ್ಲಿ ವಿಎಲ್‌ಸಿ ಹಾಕಿದರೆ ಮನೆಯ ಸರ್ವರಿನಲ್ಲಿರುವ ಸಿನಿಮಾ ಫೋನಿನಲ್ಲಿ ನೋಡಬಹುದು. ಅದು ಮೊದಲ ಸಲ ಲೋಕಲ್ ನೆಟ್‌ವರ್ಕ್ ಅನುಮತಿ ಕೇಳುತ್ತದೆ. ಅಲ್ಲಿ ಬೇಡ ಎಂದಿದ್ದರೆ ಸರ್ವರ್ ಕಾಣುವುದೇ ಇಲ್ಲ. Privacy & Security ಒಳಗಿನ Local Network ನಲ್ಲಿ ಮತ್ತೆ ಆನ್ ಮಾಡಿ.

ಲ್ಯಾಪ್‌ಟಾಪ್‌ನಿಂದ ಟಿವಿಗೆ ಮಿರರ್ ಆಗುತ್ತಾ ಅಂತ ನೋಡೋದು ಹೇಗೆ?

ವಿಂಡೋಸ್ 10, 11ರಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಇದನ್ನು ಹಾಕಿ:

```
netsh wlan show drivers
```

ಕೊನೆಯ ಕಡೆ Wireless Display Supported ಎಂಬ ಸಾಲು ಇರುತ್ತದೆ. ಅಲ್ಲಿ Yes ಇದ್ದರೆ ವಿಂಡೋಸ್ ಕೀ ಮತ್ತು K ಒಟ್ಟಿಗೆ ಒತ್ತಿ, ಟಿವಿ ಆರಿಸಿ. No ಇದ್ದರೆ ಅದೇ ಸಾಲಿನಲ್ಲಿ ಗ್ರಾಫಿಕ್ಸ್ ಡ್ರೈವರ್‌ನದ್ದೋ ವೈಫೈ ಡ್ರೈವರ್‌ನದ್ದೋ ಕೊರತೆ ಅಂತಲೂ ತೋರಿಸುತ್ತದೆ. ಎಷ್ಟೋ ಸಲ ಡ್ರೈವರ್ ಅಪ್‌ಡೇಟ್ ಮಾಡಿದರೆ ಸರಿಹೋಗುತ್ತದೆ.

## ತೊಂದರೆ ಬಂದಾಗ

ಎರಡೂ ಒಂದೇ ವೈಫೈಯಲ್ಲಿವೆ. ಆದ್ರೂ ಫೋನಿಗೆ ಟಿವಿ ಕಾಣ್ತಿಲ್ಲ!

ನಿಜವಾಗಿಯೂ ಒಂದೇ ನೆಟ್‌ವರ್ಕಾ ಎಂದು ಮೊದಲು ನೋಡಬೇಕು. ನಮ್ಮ ಮನೆಗಳಲ್ಲಿ ಜಾಸ್ತಿ ಕಾಣುವ ಪರಿಸ್ಥಿತಿ ಇದು: ಫೈಬರ್ ಕಂಪನಿಯವರು ಹಾಲ್‌ನಲ್ಲಿ ಒಂದು ಪೆಟ್ಟಿಗೆ ಇಟ್ಟು ಹೋಗಿರುತ್ತಾರೆ. ಮೇಲಿನ ರೂಮಿಗೆ ಸಿಗ್ನಲ್ ಸಾಲಲಿಲ್ಲ ಅಂತ ಮನೆಯವರು ಇನ್ನೊಂದು ರೂಟರ್ ತಂದು ಜೋಡಿಸಿರುತ್ತಾರೆ. ವೈಫೈ ಹೆಸರು, ಪಾಸ್‌ವರ್ಡ್ ಎರಡಕ್ಕೂ ಒಂದೇ ಕೊಟ್ಟಿರುತ್ತಾರೆ. ನೋಡಲು ಒಂದೇ ವೈಫೈ, ಒಳಗೆ ಎರಡು ನೆಟ್‌ವರ್ಕ್.

ಇದನ್ನು ಹಿಡಿಯಲು ಐಪಿ ವಿಳಾಸ ನೋಡಿ. ಟಿವಿಯ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ 192.168.1.7 ಇದೆ ಅನ್ನಿ. ಫೋನಿನ ವೈಫೈ ವಿವರದಲ್ಲಿ 192.168.0.105 ಇದೆ ಅನ್ನಿ. ಮೊದಲ ಮೂರು ಅಂಕಿ ಹೊಂದಬೇಕಿತ್ತು, ಮೂರನೆಯದು ಬೇರೆಯಾಗಿದೆ. ಮನೆಯ ರೂಟರ್‌ಗಳಲ್ಲಿ ಇದರ ಅರ್ಥ ಎರಡೂ ಬೇರೆ ಬೇರೆ ನೆಟ್‌ವರ್ಕ್‌ನಲ್ಲಿವೆ ಅಂತ.

ಫೋನು ಟಿವಿಯನ್ನು ಹುಡುಕುವುದು ‘ಇಲ್ಲಿ ಟಿವಿ ಯಾರಾದರೂ ಇದ್ದೀರಾ’ ಎಂದು ನೆಟ್‌ವರ್ಕ್‌ನಲ್ಲಿ ಎಲ್ಲರಿಗೂ ಕೂಗಿ. ಡಿಎಲ್‌ಎನ್‌ಎ ಇದಕ್ಕೆ 239.255.255.250 ಎಂಬ ಗುಂಪು ವಿಳಾಸ ಬಳಸುತ್ತದೆ. ಏರ್‌ಪ್ಲೇ, ಗೂಗಲ್ ಕಾಸ್ಟ್ ಬಳಸುವುದೂ ಇದೇ ಥರದ ಕೂಗು. ಎರಡನೇ ರೂಟರ್ ಆ ಕೂಗನ್ನು ಆಚೆಗೆ ದಾಟಿಸುವುದಿಲ್ಲ. ಇಂಟರ್‌ನೆಟ್ ಮಾತ್ರ ಎರಡು ಕಡೆಯೂ ಚೆನ್ನಾಗಿ ಓಡುತ್ತಿರುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ.

ಪರಿಹಾರ ಸುಲಭ. ಎರಡನೇ ರೂಟರಿನ ಸೆಟ್ಟಿಂಗ್ಸ್‌ನಲ್ಲಿ Access Point Mode ಆರಿಸಿ. ಆಮೇಲೆ ಅದು ಬರೀ ವೈಫೈ ಹರಡುತ್ತದೆ, ವಿಳಾಸ ಕೊಡುವ ಕೆಲಸ ಮೊದಲ ಪೆಟ್ಟಿಗೆಯದ್ದೇ ಆಗುತ್ತದೆ. ಫೋನಿನ ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ 192.168.1 ಎಂದು ಶುರುವಾಗುವ ವಿಳಾಸ ಬರುತ್ತದೆ, ಟಿವಿ ಕಾಣುತ್ತದೆ.

ವಿಳಾಸ ಹೊಂದಿದ್ದರೂ ಕಾಣದಿದ್ದರೆ ಎರಡು ಅನುಮಾನ. ಒಂದು, ಗೆಸ್ಟ್ ನೆಟ್‌ವರ್ಕ್. ಅದರಲ್ಲಿ ಒಂದು ಸಾಧನ ಇನ್ನೊಂದಕ್ಕೆ ಕಾಣದ ಹಾಗೆ ಬೇಕೆಂದೇ ಮಾಡಿರುತ್ತಾರೆ. ಇನ್ನೊಂದು, ಫೋನಿನಲ್ಲಿ ವಿಪಿಎನ್ ಆನ್ ಇರುವುದು. 2.4 ಮತ್ತು 5 ಗಿಗಾಹರ್ಟ್ಸ್ ಎಂದು ಎರಡು ಹೆಸರು ಇದ್ದರೆ ಚಿಂತೆ ಬೇಡ. ಒಂದೇ ರೂಟರಿನವಾದರೆ ಸಾಮಾನ್ಯವಾಗಿ ಒಂದೇ ನೆಟ್‌ವರ್ಕ್.

ಮಿರರ್ ಮಾಡಿದ್ರೆ ಸದ್ದು ಬರುತ್ತೆ, ಚಿತ್ರ ಕಪ್ಪು. ಸಿನಿಮಾ ಆ್ಯಪ್‌ನಲ್ಲಿ ಮಾತ್ರ ಹೀಗೆ. ಟಿವಿ ಹಾಳಾಗಿದೆಯಾ?

ಇಲ್ಲ. ದುಡ್ಡು ಕೊಟ್ಟು ನೋಡುವ ಆ್ಯಪ್‌ಗಳು ನಕಲು ತಡೆಯಲು ಪರದೆಯನ್ನು ಬೀಗ ಹಾಕುತ್ತವೆ. ಸ್ಕ್ರೀನ್‌ಶಾಟ್ ತೆಗೆದರೂ ಕಪ್ಪೇ ಬರುತ್ತದೆ, ನೋಡಿ. ಮಿರರಿಂಗ್ ಎಂದರೆ ಪರದೆಯ ನಕಲು ತಾನೇ, ಅದಕ್ಕೂ ಅದೇ ಬೀಗ. ಟಿವಿಯವರೆಗಿನ ದಾರಿಯಲ್ಲಿ ಎಚ್‌ಡಿಸಿಪಿ ಎಂಬ ರಕ್ಷಣೆ ಪೂರ್ತಿ ಇದ್ದರೆ ಕೆಲವು ಆ್ಯಪ್‌ಗಳು ಬಿಡುತ್ತವೆ, ಕೆಲವು ಬಿಡುವುದಿಲ್ಲ. ನೆಟ್‌ಫ್ಲಿಕ್ಸ್ 2019ರಲ್ಲಿ ಏರ್‌ಪ್ಲೇಯನ್ನೇ ನಿಲ್ಲಿಸಿತು. ಟಿವಿಯಲ್ಲೇ ಆ ಆ್ಯಪ್ ಹಾಕಿ ನೋಡುವುದು ಸರಿಯಾದ ದಾರಿ.

ಮಿರಾಕಾಸ್ಟ್ ಆಗಾಗ ತಡೆದು ತಡೆದು ಓಡುತ್ತೆ. ಇಂಟರ್‌ನೆಟ್ ಸ್ಪೀಡ್ ಜಾಸ್ತಿ ಮಾಡಿಸಲಾ?

ಬೇಡ. ಮಿರಾಕಾಸ್ಟ್‌ಗೂ ನಿಮ್ಮ ಪ್ಲಾನಿಗೂ ಸಂಬಂಧ ಇಲ್ಲ. ಕಾರಣ ಬಹಳ ಸಲ ಫೋನಿನ ರೇಡಿಯೋ ಇಬ್ಬರ ಜೊತೆ ಮಾತಾಡಬೇಕಾಗಿ ಬರುವುದು. ಫೋನು 5 ಗಿಗಾಹರ್ಟ್ಸ್‌ನಲ್ಲಿ ರೂಟರಿಗೆ ಸೇರಿದೆ. ಟಿವಿ ಹಳೆಯದು, ಅದಕ್ಕೆ 2.4 ಮಾತ್ರ ಬರುತ್ತದೆ. ಆಗ ಹಲವು ಫೋನ್‌ಗಳ ವೈಫೈ ಎರಡರ ನಡುವೆ ಅತ್ತಿತ್ತ ಜಿಗಿಯುತ್ತಾ ಇರುತ್ತದೆ. ಅತ್ತ ಹೋದಾಗ ಇತ್ತ ಚಿತ್ರ ನಿಲ್ಲುತ್ತದೆ.

ಪರೀಕ್ಷೆ ಮಾಡಲು ಫೋನನ್ನು ರೂಟರಿನಿಂದ ಬಿಡಿಸಿ, ವೈಫೈ ಆನ್ ಇಟ್ಟೇ ಫೋನಿನಲ್ಲಿರುವ ಒಂದು ವಿಡಿಯೋ ಮಿರರ್ ಮಾಡಿ. ಈಗ ಸರಾಗವಾಗಿ ಓಡಿದರೆ ಕಾರಣ ಇದೇ. ಮುಂದೆ ಫೋನನ್ನೂ 2.4ರ ಹೆಸರಿಗೆ ಸೇರಿಸಿ ನೋಡಿ. ಆಗಲೂ ತಡೆದರೆ ಅಕ್ಕಪಕ್ಕದ ಮನೆಗಳ ವೈಫೈಯಿಂದ 2.4 ತುಂಬಿಹೋಗಿರಬಹುದು. ಅಪಾರ್ಟ್‌ಮೆಂಟ್‌ಗಳಲ್ಲಿ ಇದು ಮಾಮೂಲಿ.

ಡಿಎಲ್‌ಎನ್‌ಎಯಲ್ಲಿ ಸಿನಿಮಾ ಓಡುತ್ತೆ, ಸದ್ದು ಇಲ್ಲ. ಅದೇ ಫೈಲು ಫೋನಿನಲ್ಲಿ ಸರಿಯಾಗಿದೆ.

ಡಿಎಲ್‌ಎನ್‌ಎಯಲ್ಲಿ ಫೈಲು ಬಿಚ್ಚಿ ಓಡಿಸುವುದು ಟಿವಿ. ಫೋನಿನ ಪ್ಲೇಯರಿಗೆ ಗೊತ್ತಿರುವುದೆಲ್ಲ ಟಿವಿಗೆ ಗೊತ್ತಿರುವುದಿಲ್ಲ. ಎಂಕೆವಿ ಫೈಲಿನಲ್ಲಿ ಡಿಟಿಎಸ್ ಎಂಬ ಆಡಿಯೋ ಇದ್ದರೆ ಹಲವು ಟಿವಿಗಳು ಮೌನ. ಜೆಲ್ಲಿಫಿನ್‌ನಂಥ ಸರ್ವರನ್ನು ಕಂಪ್ಯೂಟರಿನಲ್ಲಿ ಹಾಕಿದರೆ ಅದು ಓಡಿಸುವಾಗಲೇ ಟಿವಿಗೆ ಬರುವ ರೂಪಕ್ಕೆ ಬದಲಾಯಿಸಿ ಕೊಡಬಲ್ಲದು. ಇಲ್ಲವೆಂದರೆ ಆ ಒಂದು ಸಿನಿಮಾಗೆ ಮಿರರಿಂಗ್ ಬಳಸಿ, ಆಗ ಆಡಿಯೋ ಬಿಚ್ಚುವುದು ಫೋನೇ.

ಕನ್ನಡ ಸಬ್‌ಟೈಟಲ್ ಬದಲು ಚೌಕಗಳು ಕಾಣುವುದೂ ಇದೇ ಕಾರಣಕ್ಕೆ. ಟಿವಿಯಲ್ಲಿ ಕನ್ನಡ ಫಾಂಟ್ ಇಲ್ಲ. ಅಕ್ಷರಗಳ ಬದಲು ಅರ್ಥವಿಲ್ಲದ ಚಿಹ್ನೆಗಳು ಕಂಡರೆ ಎಸ್ಆರ್‌ಟಿ ಫೈಲನ್ನು UTF-8 ಆಗಿ ಉಳಿಸಿ ನೋಡಿ.

## ಸ್ವಲ್ಪ ಆಳಕ್ಕೆ

ಗೃಹಪ್ರವೇಶದ ವಿಡಿಯೋ 4ಕೆಯಲ್ಲಿ ತೆಗೆದಿದ್ದೇವೆ. ಟಿವಿಯೂ 4ಕೆ. ಯಾವುದರಲ್ಲಿ ಹಾಕಿದ್ರೆ ಪೂರ್ತಿ 4ಕೆ ಸಿಗುತ್ತೆ?

ಮಿರರ್ ಮಾಡಿದರೆ ಸಿಗುವುದು ಸಾಮಾನ್ಯವಾಗಿ 1080ಪಿ ಅಥವಾ ಅದಕ್ಕಿಂತ ಕಡಿಮೆ, ಅದೂ ಮತ್ತೊಮ್ಮೆ ಕುಗ್ಗಿಸಿದ ಚಿತ್ರ. ಡಿಎಲ್‌ಎನ್‌ಎ ಮೂಲ ಫೈಲನ್ನೇ ಕೊಡುತ್ತದೆ. ಆದರೆ ಆ ಫೈಲಿನ ಭಾರ ಹೊರಲು ನಿಮ್ಮ ವೈಫೈಗೆ ಶಕ್ತಿ ಇರಬೇಕು.

ಲೆಕ್ಕ ಹಾಕೋಣ. ಐಫೋನ್‌ನಲ್ಲಿ ಎಚ್ಇವಿಸಿ ರೂಪದ 4ಕೆ, ಸೆಕೆಂಡಿಗೆ 60 ಫ್ರೇಮ್ ಆದರೆ ನಿಮಿಷಕ್ಕೆ ಸುಮಾರು 400 ಎಂಬಿ ಎಂದು ಆಪಲ್ ಸೆಟ್ಟಿಂಗ್ಸ್‌ನಲ್ಲೇ ಬರೆದಿದೆ. 400ನ್ನು 8ರಿಂದ ಗುಣಿಸಿ 60ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 53 ಮೆಗಾಬಿಟ್. ಫೈಲು ಲ್ಯಾಪ್‌ಟಾಪಿನಲ್ಲಿದೆ, ಅದೂ ವೈಫೈಯಲ್ಲಿ. ಟಿವಿಯೂ ವೈಫೈಯಲ್ಲಿ. ಆಗ ಅದೇ ಮಾಹಿತಿ ಗಾಳಿಯಲ್ಲಿ ಎರಡು ಸಲ ಹೋಗಬೇಕು: ಲ್ಯಾಪ್‌ಟಾಪ್‌ನಿಂದ ರೂಟರಿಗೆ ಒಮ್ಮೆ, ರೂಟರಿನಿಂದ ಟಿವಿಗೆ ಇನ್ನೊಮ್ಮೆ. ಎರಡೂ ಒಂದೇ ಬ್ಯಾಂಡಿನಲ್ಲಿದ್ದರೆ ಒಟ್ಟು 106. 2.4 ಗಿಗಾಹರ್ಟ್ಸ್‌ನಲ್ಲಿ ಇದು ನಡೆಯುವ ಮಾತಲ್ಲ.

ಒಂದನ್ನಾದರೂ ಲ್ಯಾನ್ ಕೇಬಲ್‌ಗೆ ಹಾಕಿ, ಗಾಳಿಯ ಹೊರೆ ಅರ್ಧವಾಗುತ್ತದೆ. ಉಳಿದದ್ದನ್ನು 5 ಗಿಗಾಹರ್ಟ್ಸ್‌ಗೆ ಸೇರಿಸಿ. ಹಲವು ಟಿವಿಗಳ ಲ್ಯಾನ್ ಪೋರ್ಟಿನ ಮಿತಿ 100 ಮೆಗಾಬಿಟ್, ಆದರೂ 53ಕ್ಕೆ ಅದು ಸಾಕು. ಅದೇ ವಿಡಿಯೋವನ್ನು 30 ಫ್ರೇಮ್‌ನಲ್ಲಿ ತೆಗೆದಿದ್ದರೆ ನಿಮಿಷಕ್ಕೆ 170 ಎಂಬಿ, ಅಂದರೆ ಸುಮಾರು 23 ಮೆಗಾಬಿಟ್. ಮನೆಯ ಕಾರ್ಯಕ್ರಮಕ್ಕೆ 30 ಫ್ರೇಮೇ ಸಾಕು ಎಂದು ನನ್ನ ಅಭಿಪ್ರಾಯ.

ಪಿಜಿ ವೈಫೈಯಲ್ಲಿ ಡಿಎಲ್‌ಎನ್‌ಎ ಆ್ಯಪ್ ಹಾಕಿದ್ರೆ ಬೇರೆಯವರಿಗೆ ನನ್ನ ಫೋಟೋ ಕಾಣುತ್ತಾ?

ಕಾಣಬಹುದು. ದಯವಿಟ್ಟು ಇದನ್ನು ಹಗುರವಾಗಿ ತಗೋಬೇಡಿ. ಡಿಎಲ್‌ಎನ್‌ಎ ಹುಟ್ಟಿದ್ದು ಮನೆಯೊಳಗಿನ ನಂಬಿಕೆಯ ನೆಟ್‌ವರ್ಕಿಗೆ. ಸಾಮಾನ್ಯವಾಗಿ ಪಾಸ್‌ವರ್ಡ್ ಕೇಳುವುದಿಲ್ಲ, ಫೈಲುಗಳೂ ಗುಪ್ತವಾಗಿ ಹೋಗುವುದಿಲ್ಲ. ಆ್ಯಪ್ ಸರ್ವರ್ ಆಗಿ ಓಡುತ್ತಿದ್ದರೆ ಅದೇ ವೈಫೈಯಲ್ಲಿರುವ ಯಾರು ಬೇಕಾದರೂ ವಿಎಲ್‌ಸಿ ತೆರೆದು ನೋಡಬಹುದು. ಪಿಜಿ, ಹಾಸ್ಟೆಲ್, ಆಫೀಸಿನಲ್ಲಿ ಆ್ಯಪಿನ ಸರ್ವರ್ ಭಾಗ ಆಫ್ ಇಡಿ. ಹಂಚಲೇಬೇಕಿದ್ದರೆ ಇಡೀ ಗ್ಯಾಲರಿ ಬಿಟ್ಟು ಒಂದೇ ಫೋಲ್ಡರ್ ಆರಿಸಿ.

ಅಂಥ ಕಡೆ ಮಿರಾಕಾಸ್ಟ್ ವಾಸಿ. ಅದರ ಸಂಪರ್ಕ ಫೋನು ಮತ್ತು ಟಿವಿಯ ನಡುವೆ ಮಾತ್ರ, ಅದೂ ಡಬ್ಲ್ಯುಪಿಎ2 ರಕ್ಷಣೆಯಲ್ಲಿ. ಆದರೆ ಪಕ್ಕದ ರೂಮಿನಲ್ಲೂ ಅದೇ ಕಂಪನಿಯ ಟಿವಿ ಇರಬಹುದು, ಪಟ್ಟಿಯಲ್ಲಿ ಎರಡೂ ಒಂದೇ ಹೆಸರಿನಲ್ಲಿ ಬರುತ್ತವೆ. ನಿಮ್ಮ ಟಿವಿಯ ಹೆಸರನ್ನು ಅದರ ಸೆಟ್ಟಿಂಗ್ಸ್‌ನಲ್ಲಿ ಬದಲಾಯಿಸಿ. ಪಿನ್ ಕೇಳುವ ಆಯ್ಕೆ ಇದ್ದರೆ ಅದನ್ನೂ ಆನ್ ಮಾಡಿ. ಆಗ ಬೇರೆಯವರು ತಪ್ಪಿ ನಿಮ್ಮ ಟಿವಿ ಆರಿಸಿದರೂ ನೀವು ಒಪ್ಪದೆ ಒಳಗೆ ಬರಲು ಆಗುವುದಿಲ್ಲ.